‘ಬರಂಗಿಲ್ಲ’ ಅನ್ನೋಕೆ ಗ್ರೂಪಿನಲ್ಲೇ ಕಾರಣ ಹೇಳಬೇಕಾ?

ಕಳೆದ ನವೆಂಬರ್‌ನಲ್ಲಿ ನಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪಿಗೆ ಸಿಆರ್ ಒಂದು ಪೋಲ್ ಹಾಕಿದ. ಭಾನುವಾರ ಬೆಳಿಗ್ಗೆ ಐದೂವರೆಗೆ ಗಂಗಾವತಿಯಿಂದ ಹೊರಟು, ಅಂಜನಾದ್ರಿಯ 575 ಮೆಟ್ಟಿಲು ಬಿಸಿಲೇರೋದ್ರೊಳಗೆ ಹತ್ತಿ, ಆಮೇಲೆ ಸಾಣಾಪುರ ಕೆರೆ ನೋಡಿ ಬರೋದು ಪ್ಲಾನ್. ಆಯ್ಕೆ ಮೂರು: ಬರ್ತೀನಿ, ಇಲ್ಲ, ನೋಡೋಣ.

ನಾನು ‘ಇಲ್ಲ’ ಒತ್ತಿದೆ. ಅಷ್ಟಕ್ಕೇ ಬಿಡಬೇಕಿತ್ತು. ಆದ್ರೆ ಬರೀ ‘ಇಲ್ಲ’ ಅಂದ್ರೆ ಸೊಕ್ಕು ಅನ್ಕೋತಾರೇನೋ ಅಂತ ಕೆಳಗೆ ಉದ್ದ ಮೆಸೇಜ್ ಹಾಕಿದೆ. ನಮ್ಮ ಭತ್ತದ ಕಟಾವಿಗೆ ಮಷಿನ್ ಪಾಳಿ ಭಾನುವಾರವೇ ಬಂದಿದೆ, ತಪ್ಪಿದ್ರೆ ಮತ್ತೆ ಯಾವಾಗ ಸಿಗುತ್ತೋ ಗೊತ್ತಿಲ್ಲ, ಅಪ್ಪ ಒಬ್ರೇ ಇದಾರೆ, ಸಾರಿ, ಎಂಜಾಯ್ ಮಾಡ್ರಿ ಅಂತೆಲ್ಲ. ಕಾರಣ ನಿಜಾನೇ. ಆದರೆ ಅದರಿಂದ ಆದದ್ದು ನಾನು ಅಂದುಕೊಂಡಿರದ ಕೆಲಸ.

ನನ್ನ ನಂತರ ‘ಇಲ್ಲ’ ಒತ್ತಿದವರೆಲ್ಲ ಕಾರಣ ಬರೆಯೋಕೆ ಶುರು ಮಾಡಿದ್ರು. ಒಬ್ಬರ ಮನೇಲಿ ಮದುವೆ, ಒಬ್ಬರಿಗೆ ಬ್ಯಾಕ್‌ಲಾಗ್ ಓದು. ಪ್ರತಿ ಕಾರಣಕ್ಕೂ ‘ಏ ಬಾರಲೇ’ ಅಂತ ನಾಲ್ಕು ರಿಪ್ಲೈ. ಗಾಡಿ ಎಲ್ಲಿಂದ ಬಿಡುತ್ತೆ ಅಂತ ಸಿಆರ್ ಹಾಕಿದ್ದ ಮೆಸೇಜ್ ಈ ಗದ್ದಲದಲ್ಲಿ ಎಲ್ಲೋ ಮೇಲೆ ಹೋಯ್ತು. ನನ್ನ ದೋಸ್ತ ಒಬ್ಬ ‘ಜ್ವರ’ ಅಂತ ಬರೆದ. ನಿಜವಾದ ಕಾರಣ ರೊಕ್ಕ ಇರಲಿಲ್ಲ. (ಅವನನ್ನು ಕೇಳಿಯೇ ಇದನ್ನ ಬರೀತಿದೀನಿ.) ಅದನ್ನ ಅರವತ್ತು ಜನರ ಮುಂದೆ ಹೇಳೋಕಾಗುತ್ತಾ? ಸೋಮವಾರ ಕ್ಲಾಸಿಗೆ ಬಂದಾಗ ಎಲ್ಲರೂ ‘ಜ್ವರ ಹೋತೇನಲೇ’ ಅಂತ ಕೇಳಿದ್ರು. ಪಾಪ, ಕೆಮ್ಮೂ ಸೇರಿಸಬೇಕಾಯ್ತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಲೆಕ್ಕಕ್ಕೆ. ಪೋಲ್‌ನಲ್ಲಿ ‘ಬರ್ತೀನಿ’ ಅಂದವರು 17. ಅದನ್ನೇ ನಂಬಿ ಸಿಆರ್ 17 ಸೀಟಿನ ಟೆಂಪೋ ಟ್ರಾವೆಲರ್ ಹೇಳಿದ್ದ, ಬಾಡಿಗೆ 5,100. ತಲೆಗೆ 300 ಆಗಬೇಕಿತ್ತು. ಭಾನುವಾರ ಬಂದವರು 12. ತಲೆಗೆ 425 ಆಯ್ತು. ಬರದ ಐವರಲ್ಲಿ ಇಬ್ಬರನ್ನ ನಾನೇ ಆಮೇಲೆ ಕೇಳಿದೆ. ಇಬ್ಬರದ್ದೂ ಒಂದೇ ಉತ್ತರ: ‘ಇಲ್ಲ ಅಂದ್ರ ಕಾರಣ ಬರೀಬೇಕಾಗತಿತ್ತಲ್ಲಪಾ, ಅದಕ್ಕ ಹೂಂ ಅಂತ ಒತ್ತಿ ಬಿಟ್ಟಿದ್ವಿ.’

ಅಂದ್ರೆ ನನ್ನ ಮರ್ಯಾದೆಯ ಮೆಸೇಜು ‘ಇಲ್ಲ’ ಅನ್ನೋದಕ್ಕೆ ಒಂದು ಬೆಲೆ ಕಟ್ಟಿತ್ತು. ಆ ಬೆಲೆ ಕೊಡೋಕಾಗದವರು ಸುಳ್ಳು ‘ಹೂಂ’ ಅಂದ್ರು. ಅದರ ಬಿಲ್ ಬಂದ 12 ಜನರ ಮೇಲೆ ಬಿತ್ತು.

ಇದನ್ನ ಹೇಳಿದಾಗ ಅವ್ವ ಒಪ್ಪಲಿಲ್ಲ. ‘ಕರದವರಿಗೆ ಯಾಕ ಬರಂಗಿಲ್ಲ ಅಂತ ಹೇಳಬೇಕವಾ, ಸುಮ್ನಿರೋದು ಚೊಲೊ ಅಲ್ಲ’ ಅಂದಳು. ಮಾತು ಸರಿ. ಆದ್ರೆ ಅವ್ವ ಹೇಳ್ತಿರೋದು ಮನೆಗೆ ಬಂದು, ಅಕ್ಷತೆ ಕೊಟ್ಟು, ಹೆಸರು ಹಿಡಿದು ಕರೆಯೋ ಕರೆ. ಅಲ್ಲಿ ಕರೆಯೋದೂ ಮುಖಾಮುಖಿ, ಕಾರಣ ಹೇಳೋದೂ ಮುಖಾಮುಖಿ. ಪೋಲ್ ಕೇಳೋದು ನನ್ನನ್ನಲ್ಲ, ಎಷ್ಟು ಸೀಟು ಬೇಕು ಅಂತ. ಅದಕ್ಕೆ ಒಂದು ಟಿಕ್ಕೇ ಪೂರ್ತಿ ಉತ್ತರ. ‘ಇಲ್ಲ’ ಅಂದವರು ಯಾರು ಅನ್ನೋದು View votes ಒತ್ತಿದ್ರೆ ಹೆಸರು ಸಮೇತ ಕಾಣುತ್ತೆ, ಆದ್ದರಿಂದ ಮತ್ತೆ ಬರೆದು ತಿಳಿಸೋ ಅಗತ್ಯ ಇಲ್ಲ.

ಹಾಗಂತ ಗ್ರೂಪಿನಲ್ಲಿ ಬಾಯೇ ಬಿಡಬಾರದು ಅಂತಲ್ಲ. ಕಾರಣ ಪ್ಲಾನಿಗೆ ಸಂಬಂಧಪಟ್ಟಿದ್ರೆ ಗ್ರೂಪಿಗೆ, ನನಗೆ ಸಂಬಂಧಪಟ್ಟಿದ್ರೆ ಸಿಆರ್‌ಗೆ ಒಬ್ಬನಿಗೇ. ‘ಸೋಮವಾರ ಇಂಟರ್ನಲ್ಸ್ ಇದೆ’ ಅನ್ನೋದು ಎಲ್ಲರಿಗೂ ಬೇಕಾದ ಸುದ್ದಿ, ಅದನ್ನ ಅಲ್ಲೇ ಹೇಳಬೇಕು, ದಿನಾಂಕವೇ ಬದಲಾಗಬಹುದು. ನಮ್ಮ ಭತ್ತದ ಮಷಿನ್ ವಿಷಯ ಹಾಗಲ್ಲ. ಪೋಲ್ ಮೆಸೇಜನ್ನ ಒತ್ತಿ ಹಿಡಿದ್ರೆ Reply privately ಸಿಗುತ್ತೆ, ಅಲ್ಲಿ ಎರಡು ಸಾಲು ಸಾಕು.

ಒಂದು ಕಡೆ ಮಾತ್ರ ಟಿಕ್ ಸಾಲದು. ಮೊದಲು ‘ಬರ್ತೀನಿ’ ಅಂದು ಆಮೇಲೆ ಬದಲಾಯಿಸಿದ್ರೆ ಎಣಿಕೆ ಸದ್ದಿಲ್ಲದೆ ಒಂದು ಇಳಿಯುತ್ತೆ, ಗಾಡಿ ಹೇಳಿ ಆದಮೇಲೆ ಅದನ್ನ ಯಾರು ನೋಡ್ತಾರೆ? ಆಗ ಸಿಆರ್‌ಗೆ ಫೋನ್ ಮಾಡಿ ಹೇಳಿ, ನಿಮ್ಮ ಪಾಲಿನ ರೊಕ್ಕ ಏನು ಮಾಡೋದು ಅಂತಲೂ ಕೇಳಿ. ಕಾರಣ ಹೇಳೋದು ಬಿಡೋದು ನಿಮಗೆ ಬಿಟ್ಟದ್ದು.

ಮೊನ್ನೆ ಇನ್ನೊಂದು ಪೋಲ್ ಬಂತು. ‘ಇಲ್ಲ’ ಒತ್ತಿ ಫೋನ್ ಕೆಳಗಿಟ್ಟೆ. ಕೈ ಟೈಪ್ ಮಾಡೋಕೆ ಹೋಗಿತ್ತು, ಸುಳ್ಳು ಯಾಕೆ ಹೇಳಲಿ. ಹತ್ತು ನಿಮಿಷಕ್ಕೆ ನನ್ನ ‘ಜ್ವರ’ದ ದೋಸ್ತನೂ ‘ಇಲ್ಲ’ ಒತ್ತಿದ. ಈ ಸಲ ಅವನಿಗೆ ಯಾವ ರೋಗವೂ ಬರಲಿಲ್ಲ.