ಚೀಲ ಹರಿದದ್ದಕ್ಕೆ ಪುಡಿಯ ದರವೇಕೆ ಏರಬೇಕು?

ಮಸಾಲೆ ಗಿರಣಿಯಲ್ಲಿ ಕಡಿಮೆಯಾದ ತೂಕವನ್ನೆಲ್ಲ ಪುಡಿಯ ದರಕ್ಕೇ ಸೇರಿಸಬೇಕೆಂಬ ಸಲಹೆ ತಪ್ಪು. 1,000 ಕಿಲೋ ಬ್ಯಾಡಗಿ ಮೆಣಸಿನಕಾಯಿಗೆ ಬೀಸುವ ಖರ್ಚೂ ಸೇರಿ ₹2,09,000 ಆಯಿತೆನ್ನಿ. ತೇವ ಆರುವುದು, ಧೂಳು ಹಾರುವುದು ತಪ್ಪದು. ಹಿಂದಿನ ಬ್ಯಾಚುಗಳ ಲೆಕ್ಕದಲ್ಲಿ ಅದು ಶೇ. 5. ಈ 50 ಕಿಲೋ ಸಾಮಾನ್ಯ ನಷ್ಟ. ಅದರ ಭಾರವನ್ನು ಉಳಿದ 950 ಕಿಲೋ ಹೊರಲೇಬೇಕು: ಕಿಲೋಗೆ ₹220.

ಆದರೆ ಕೈಗೆ ಬಂದದ್ದು 930. ಧೂಳು ಹಿಡಿಯುವ ಬಟ್ಟೆಚೀಲ ಹರಿದು ಹೋದ 20 ಕಿಲೋ ಅಸಾಮಾನ್ಯ ನಷ್ಟ. ಅದಕ್ಕೂ ಅದೇ ದರ ಕಟ್ಟಿ, ₹4,400 ಅನ್ನು ನೇರವಾಗಿ ಲಾಭ-ನಷ್ಟ ಖಾತೆಗೆ ಹಾಕಬೇಕು. ಆ ಸಲಹೆಯ ದಾರಿ ಹಿಡಿದರೆ ದರ ₹224.73 ಆಗುತ್ತದೆ, ಹರಿದ ಚೀಲ ಯಾರ ಕಣ್ಣಿಗೂ ಬೀಳದೆ ಮುಂದಿನ ಬ್ಯಾಚಿನಲ್ಲೂ ಪುಡಿ ಸೋರುತ್ತದೆ. ಶೇ. 5 ಕೂಡ ಶಾಶ್ವತವಲ್ಲ: ಮಳೆಗಾಲದ ಕಾಯಿಯಲ್ಲಿ ತೇವ ಹೆಚ್ಚು, ಅದಕ್ಕೆ ಬೇರೆ ಮಿತಿಯೇ ಬೇಕು.