ಆ ಹನ್ನೆರಡು ಗುಂಟೆಗೆ ಯಾರು ಹೊಣೆ?

ಗಂಡಸಿ ಹೋಬಳಿಯ ಒಂದು ತೆಂಗಿನ ತೋಟ ಮಾರಾಟಕ್ಕಿದೆ ಎಂದುಕೊಳ್ಳಿ. ಬೆಂಗಳೂರಿನ ಖರೀದಿದಾರರ ವಕೀಲರು ಕ್ರಯಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿದ್ದಾರೆ. ಹೆಬ್ಬೆಟ್ಟು ಒತ್ತಬೇಕಾದ ಅಜ್ಜಿಗೆ ಅರ್ಥವಾಗಲೆಂದು ಮನೆಯಲ್ಲಿ ಓದಿದ ಮೊಮ್ಮಗ ಅದನ್ನು ಕನ್ನಡಕ್ಕೆ ಇಳಿಸುತ್ತಾನೆ. ಪತ್ರದಲ್ಲಿ ವಿಸ್ತೀರ್ಣ 1.20 ಎಕರೆ ಎಂದಿದೆ. ಶಾಲೆಯ ದಶಮಾಂಶದ ಲೆಕ್ಕ ಹಾಕಿ ಅವನು ಒಂದು ಎಕರೆ ಎಂಟು ಗುಂಟೆ ಎಂದು ಬರೆಯುತ್ತಾನೆ.

ನಮ್ಮ ಪಹಣಿಯಲ್ಲಿ ಚುಕ್ಕೆಯ ಬಲಕ್ಕಿರುವುದು ಗುಂಟೆ. 40 ಗುಂಟೆಗೆ ಒಂದು ಎಕರೆ; 1.20 ಎಂದರೆ ಒಂದೂವರೆ ಎಕರೆ. ಉಳಿದ 12 ಗುಂಟೆ ತನ್ನದೇ ಎಂದು ನಂಬಿ ಅಜ್ಜಿ ಇಡೀ ತೋಟಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಮೂವತ್ತು ಅಡಿಗೊಂದು ಸಸಿ ನೆಟ್ಟ ತೋಟದಲ್ಲಿ ಅದು ಸುಮಾರು ಹದಿನಾಲ್ಕು ಮರ.

ಈ ತಪ್ಪನ್ನು ಹಿಡಿಯುವುದು ಕಷ್ಟವಲ್ಲ. ಒಂದು ಗುಂಟೆ 1,089 ಚದರಡಿ. 60 ಗುಂಟೆಗೆ 65,340 ಚದರಡಿ ಬರಬೇಕು. ಪತ್ರದ ಷೆಡ್ಯೂಲು, ಪಹಣಿ, ಸರ್ವೆ ನಕ್ಷೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅನುವಾದದಲ್ಲಿ ಅಂಕಿಯನ್ನು ಮೂಲದಲ್ಲಿದ್ದಂತೆಯೇ ಉಳಿಸಿ, ಜೊತೆಗೆ ಅಕ್ಷರದಲ್ಲೂ ಬರೆಯಿರಿ. ಚಕ್ಕುಬಂದಿಯನ್ನು ಸಂಕ್ಷೇಪಿಸಬೇಡಿ. ಬಾವಿಯಲ್ಲಿ ಅರ್ಧ ಹಕ್ಕು, ಬಂಡಿ ದಾರಿಯ ಹಕ್ಕು ಎಂದು ಮೂಲದಲ್ಲಿದ್ದರೆ ‘ಎಲ್ಲ ಹಕ್ಕುಗಳ ಸಮೇತ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ಮುಂದೆ ನೀರಿಗಾಗಿ ಜಗಳ ಬಂದಾಗ ಓದುವುದು ಆ ಸಾಲನ್ನೇ. ಮಸಿ ಹರಡಿ ಓದಲಾಗದ ಕಡೆ ‘ಓದಲಾಗುತ್ತಿಲ್ಲ’ ಎಂದು ಬರೆಯಿರಿ, ಊಹಿಸಿ ತುಂಬಬೇಡಿ.

ಇನ್ನು ದೃಢೀಕರಣ. ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಸದ, ನೋಂದಣಾಧಿಕಾರಿಗೂ ಅರ್ಥವಾಗದ ಭಾಷೆಯ ಪತ್ರ ಬಂದರೆ, ಅದರೊಂದಿಗೆ ನಿಜ ಅನುವಾದವೂ ನಿಜ ಪ್ರತಿಯೂ ಇರಬೇಕೆಂದು 1908ರ ನೋಂದಣಿ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಅನುವಾದ ಮಾಡುವ, ಅದನ್ನು ಪರಿಶೀಲಿಸುವ ಅಧಿಕಾರವನ್ನು 1952ರ ನೋಟರಿ ಕಾಯ್ದೆ ನೋಟರಿಗೆ ಕೊಟ್ಟಿದೆ. ನೋಂದಾಯಿತ ಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಿಂದಲೇ ಬರಬೇಕು. ಮನೆಯ ಹುಡುಗ ಮಾಡಿದ ಅನುವಾದ ಅಜ್ಜಿಗೆ ಓದಿ ಹೇಳಲು ಸಾಕು. ಕಚೇರಿಗೋ ನ್ಯಾಯಾಲಯಕ್ಕೋ ಕೊಡುವಾಗ ಸಾಲದು. ನೋಟರಿಯ ಮುದ್ರೆ ಕೂಡ ಅನುವಾದ ಮೂಲಕ್ಕೆ ಸರಿಯಾಗಿದೆ ಎಂದಷ್ಟೇ ಹೇಳುತ್ತದೆ. ಮಾರುವವನಿಗೆ ಹಕ್ಕಿದೆಯೇ, ಸಾಲ ತೀರಿದೆಯೇ ಎಂಬುದನ್ನು ವಕೀಲರು ಮೂಲಪತ್ರ, ಋಣಭಾರ ಪ್ರಮಾಣಪತ್ರ ನೋಡಿ ಹೇಳಬೇಕು. ಗಡಿ ಎಲ್ಲಿದೆ ಎಂಬುದನ್ನು ಭೂಮಾಪಕರು ಅಳೆದು ಹೇಳಬೇಕು.

ಗಂಡಸಿಯ, ಅರಸೀಕೆರೆಯ ಪತ್ರ ಬರಹಗಾರರೇ, ಓದಿದ ಮಕ್ಕಳೇ, ಮೂಲವನ್ನು ಸಾಲುಸಾಲಾಗಿ ತಾಳೆ ನೋಡದೆ ‘ನಿಜ ಅನುವಾದ’ ಎಂದು ಸಹಿ ಹಾಕಬೇಡಿ. ಹಿರಿಯರ ಹೆಬ್ಬೆರಳಿಗೆ ಮಸಿ ಹಚ್ಚುವ ಮೊದಲು ವಿಸ್ತೀರ್ಣ, ಚಕ್ಕುಬಂದಿ, ಬೆಲೆ ಈ ಮೂರನ್ನೂ ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರ ಬಾಯಿಂದಲೇ ತಿರುಗಿ ಹೇಳಿಸಿ.