ಆರ್‌ಡಿ ಬಡ್ಡಿ ಕಡಿಮಿ ಅಲ್ಲ, ನಮ್ಮ ಲೆಕ್ಕ ತಪ್ಪು

ಹೋದ ವಾರ ನನ್ನ ನೆಗೆಣ್ಣಿ ಪೋಸ್ಟ್ ಆಫೀಸಿನ ಪಾಸ್‌ಬುಕ್ ಹಿಡಕೊಂಡು ಬಂದ್ಲು. ಮಗಳ ಕಾಲೇಜ್ ಫೀಸಿಗೆ 15,000 ಬೇಕಾಗಿತ್ತು. ತಿಂಗಳಾ ಸಾವಿರದ ಆರ್‌ಡಿ ಮೂರು ವರ್ಷ ಮುಗಿಸ್ಯಾಳ. ಅದನ್ನ ಮುರಿಸಿಬಿಡೂದು ಅಂತ ಆಕಿ ವಿಚಾರ. "ಅಕ್ಕಾ, ಹೆಂಗೂ ಇದ್ರಾಗ ಬಡ್ಡೀನ ಇಲ್ಲ. ಐದ್ ವರ್ಷಕ್ಕ 60,000 ಕಟ್ಟಬೇಕು, ಬಡ್ಡಿ 6.7 ಅಂತಾರ. ವರ್ಷಕ್ಕ 4,020 ಆತು, ಐದ್ ವರ್ಷಕ್ಕ 20,100 ಬರಬೇಕಲ್ಲ? ಕಡೀಕ ಕೈಗೆ ಬರೂದು 71,366 ಅಂತ. ಬಡ್ಡಿ ಬರೇ 11,366! ಅರ್ಧ ಎಲ್ಲಿ ಹೋತು?" ಅಂದ್ಲು.

ಇದ ಪ್ರಶ್ನೆ ನಮ್ಮ ಓಣಿಯೊಳಗ ಎಷ್ಟೋ ಮಂದಿ ಕೇಳ್ಯಾರ. ಯಾರೂ ಮೋಸ ಮಾಡಿಲ್ರಿ. ತಪ್ಪಿದ್ದು ಆ ಗುಣಾಕಾರ. 60,000ಕ್ಕ ಐದು ವರ್ಷದ ಬಡ್ಡಿ ಬರಬೇಕಾದ್ರ 60,000 ಮೊದಲನೇ ದಿನದಿಂದನ ಅಲ್ಲಿ ಇರಬೇಕು. ಆಕಿ ಮೊದಲನೇ ದಿನ ಇಟ್ಟಿದ್ದು ಸಾವಿರ ಅಷ್ಟ. ಕಡೇ ಸಾವಿರ ಅಲ್ಲಿ ಇರೂದು ಒಂದ ತಿಂಗಳು. ಉಪ್ಪಿನಕಾಯಿ ಭರಣಿಗೆ ದಿನಾ ಒಂದೊಂದು ಹೋಳು ಹಾಕಿದ್ರ ಎಲ್ಲಾ ಹೋಳೂ ಒಂದ ಸಮ ಉಪ್ಪು ಕುಡಿತಾವೇನು?

ಕೈಲೆ ಮಾಡಿ ನೋಡೂಣು. 6.7 ತೊಂದರಿ ಕೊಡ್ತದ, ಅದಕ್ಕ 6 ಹಿಡಿಯೂಣು. ವರ್ಷಕ್ಕ ನೂರಕ್ಕ ಆರು ಅಂದ್ರ ಸಾವಿರಕ್ಕ ತಿಂಗಳಿಗೆ 5 ರೂಪಾಯಿ. ಪ್ರತಿ ತಿಂಗಳ ಕಡೀಕ ಸಾವಿರ ಕಟ್ಟಿ, ಒಂದು ವರ್ಷ ನಡಸ್ತೀವಿ ಅನ್ರಿ. ಮೊದಲನೇ ಸಾವಿರ 11 ತಿಂಗಳು ಇರ್ತದ, ಎರಡನೇದು 10, ಮೂರನೇದು 9. ಹಿಂಗ ಇಳಕೋತ ಹೋಗಿ ಕಡೇದು ಕಟ್ಟಿದ ದಿನಾನ ವರ್ಷ ಮುಗೀತದ, ಅದಕ್ಕ ಬಡ್ಡೀನ ಇಲ್ಲ. ಎಲ್ಲಾ ತಿಂಗಳಾ ಕೂಡಿಸಿದ್ರ 66. ಅರವತ್ತಾರು ಐದಲೆ 330 ರೂಪಾಯಿ. ಬಡ್ಡಿಗೂ ಬಡ್ಡಿ ಹತ್ತಿ ಇನ್ನೊಂದು ಐದೂವರಿ ರೂಪಾಯಿ ಸೇರ್ತದ. 12,000 ಕಟ್ಟಿದ್ದು 12,335 ರೂಪಾಯಿ 56 ಪೈಸೆ ಆತು. ಒಂದ ಸಲ 12,000 ಇಟ್ಟಿದ್ರ 720ರ ಮ್ಯಾಲ ಬರ್ತಿತ್ತು. ಬಡ್ಡಿ ದರ ಎರಡಕ್ಕೂ ಒಂದ, ರೊಕ್ಕ ಅಲ್ಲಿ ಕುಂತ ಕಾಲ ಬ್ಯಾರೆ.

ಹುಡುಗರು ಪುಸ್ತಕದಾಗ ಇದನ್ನ ಒಂದ ಸಾಲಿನಾಗ ಬರೀತಾರ. ಐದು ವರ್ಷಕ್ಕ ಅದು ಹಿಂಗ ಆಗ್ತದ:

1000 × ((1.005)^60 − 1) ÷ 0.005

ಇಲ್ಲಿ 0.005 ಅಂದ್ರ ಒಂದು ರೂಪಾಯಿಗೆ ತಿಂಗಳ ಬಡ್ಡಿ, 60 ಅಂದ್ರ ಕಂತು. ಉತ್ತರ 69,770. ಇದು ತಿಂಗಳ ಕಡೀಕ ಕಟ್ಟೂ ಲೆಕ್ಕ. ತಿಂಗಳ ಮೊದಲಿಗೇ ಕಟ್ಟಿದ್ರ ಪ್ರತಿ ಕಂತಿಗೂ ಒಂದೊಂದು ತಿಂಗಳ ಬಡ್ಡಿ ಹೆಚ್ಚಿಗಿ ಸಿಕ್ಕು 70,119 ಆಗ್ತದ. ಪೋಸ್ಟ್ ಆಫೀಸಿನಾಗ ಖಾತೆ ತೆರೆದ ದಿನಾನ ಮೊದಲನೇ ಕಂತು ತುಂಬಿಸಿಕೊಳ್ತಾರ, ಹಂಗಾಗಿ ಅಲ್ಲಿ ಈ ಎರಡನೇ ಲೆಕ್ಕ. ಬಡ್ಡಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರ್ತದ.

ನೆಗೆಣ್ಣಿ ಪಾಸ್‌ಬುಕ್ಕನ್ನೂ ಹಿಂಗ ತಾಳೆ ನೋಡಿದ್ವಿ. 60 ರಿಂದ 1ರ ತನಕ ಕೂಡಿಸಿದ್ರ 1,830 ತಿಂಗಳು. 6.7ರ ಪ್ರಕಾರ ಸಾವಿರಕ್ಕ ತಿಂಗಳಿಗೆ 5 ರೂಪಾಯಿ 58 ಪೈಸೆ. ಗುಣಿಸಿದ್ರ 10,200 ಚಿಲ್ಲರ ಬಂತು. ಉಳಿದದ್ದು ಬಡ್ಡಿ ಮ್ಯಾಲಿನ ಬಡ್ಡಿ. 11,366 ಸರಿ ಅದ ಅಂತ ಆಕಿಗೂ ಒಪ್ಪಿಗಿ ಆತು.

ಈಗ ನಾ ಹೇಳಬೇಕಂದ ಮಾತಿಗೆ ಬರ್ತೇನಿ. ಆ 6ರ ಲೆಕ್ಕದಾಗ ತಿಂಗಳ ಕಡೀಕ ಕಟ್ಟಿದ್ರ ಯಾವ ವರ್ಷ ಎಷ್ಟು ಬಡ್ಡಿ ಬಂತು ನೋಡ್ರಿ. ಮೊದಲನೇ ವರ್ಷ 336, ಎರಡನೇ ವರ್ಷ 1,096, ಮೂರನೇ ವರ್ಷ 1,904, ನಾಕನೇ ವರ್ಷ 2,762, ಐದನೇ ವರ್ಷ 3,672. ದರ ಏರಿಲ್ಲ, ಗುಡ್ಡಿ ಬೆಳದದ ಅಷ್ಟ. ಒಟ್ಟು 9,770ರಾಗ ಮೂರರಾಗ ಎರಡು ಪಾಲು ಕಡೇ ಎರಡು ವರ್ಷದಾಗ ಬರ್ತದ. ನಾವು ಹೆಣ್ಮಕ್ಕಳು ಬ್ಯಾಸತ್ತು ಮುರಿಸೂದು ಎಂದ? ಸರಿಯಾಗಿ ಮೂರನೇ ವರ್ಷಕ್ಕ. ಬಿತ್ತಿ, ಕಳೆ ತಗದು, ತೆನಿ ಬರೂ ಹೊತ್ತಿಗೆ ಹೊಲಾ ಬಿಟ್ಟು ಬಂದಂಗ.

ಅದೂ ಅಲ್ಲದ, ಪೋಸ್ಟ್ ಆಫೀಸಿನ ಆರ್‌ಡಿ ಮೂರು ವರ್ಷದ ಮ್ಯಾಲ ಮುರಿಸಬಹುದು ಖರೆ, ಆದರ ಅವಧಿ ಮುಗಿಯೂಕಿಂತ ಮೊದಲ ಮುರಿಸಿದ್ರ ಉಳಿತಾಯ ಖಾತೆ ಬಡ್ಡಿ ಅಷ್ಟ ಕೊಡ್ತಾರ. ಅದು 4. ನೆಗೆಣ್ಣಿದು ಮೂರು ವರ್ಷಕ್ಕ 666 ತಿಂಗಳು ಆಗ್ತದ. 6.7ಕ್ಕ 3,700ರ ಮ್ಯಾಲ ಬಡ್ಡಿ ಆಗಿರ್ತದ, 4ಕ್ಕ ಇಳಿಸಿದ್ರ 2,200 ಚಿಲ್ಲರ. ಅಂದ್ರ ಹಿಂದಿನ ಮೂರು ವರ್ಷದ ಗಳಿಕಿಯೊಳಗ 1,500 ರೂಪಾಯಿ ನಿಂತ ನಿಲುವಿನಾಗ ಹೋತು, ಮುಂದಿನ ಎರಡು ವರ್ಷದ ಬಡ್ಡೀನೂ ಹೋತು.

ಇದರ ಬದಲಿ ದಾರಿ ಅದ. 12 ಕಂತು ಕಟ್ಟಿ ವರ್ಷ ಆದ ಖಾತೆ ಮ್ಯಾಲ, ಇದ್ದ ರೊಕ್ಕದಾಗ ಅರ್ಧದ ತನಕ ಸಾಲ ಕೊಡ್ತಾರ. ಬಡ್ಡಿ ಆರ್‌ಡಿ ದರಕ್ಕಿಂತ ಎರಡು ಹೆಚ್ಚು, ಅಂದ್ರ ಆಕಿಗೆ 8.7. 15,000 ತಗೊಂಡು ವರ್ಷದಾಗ ತೀರಿಸಿದ್ರ ಬಡ್ಡಿ ಹೆಚ್ಚಂದ್ರ 1,305. ತಿಂಗಳಾ ತೀರಿಸಿಕೋತ ಹೋದ್ರ ಇನ್ನೂ ಕಡಿಮಿ. ಅತ್ತ ಆರ್‌ಡಿ ಮುಂದ ನಡದ ಇರ್ತದ. ಪೂರಾ 36,000 ಬೇಕಾಗಿದ್ರ ಈ ದಾರಿ ಸಾಲೂದಿಲ್ಲ, ಕಂತಿನ ಜೋಡಿ ಸಾಲ ತೀರಿಸೂ ಶಕ್ತಿ ಇಲ್ಲದವರಿಗೂ ಆಗೂದಿಲ್ಲ. ಅಂಥವರು ಮುರಿಸಲಿ, ನಾ ತಪ್ಪು ಅನ್ನೂದಿಲ್ಲ. ಆದರ "ಬಡ್ಡಿ ಕಡಿಮಿ" ಅಂತ ಮುರಿಸೂದು ತಪ್ಪು.

ಇನ್ನೊಂದು ಮಾತು. ನಮ್ಮ ಈ ತಪ್ಪು ಗುಣಾಕಾರ ಸಾಲಾ ಕೊಡೂವರಿಗೆ ಭಾಳ ಚಲೋ ಗೊತ್ತದ. "ಫ್ಲಾಟ್ ಬಡ್ಡಿ ಬರೇ ಆರು" ಅಂತಾರ. 60,000 ಕೊಟ್ಟು, ಐದು ವರ್ಷಕ್ಕ 18,000 ಬಡ್ಡಿ ಕೂಡಿಸಿ, ತಿಂಗಳಿಗೆ 1,300 ಕಟ್ಟಿಸಿಕೊಳ್ತಾರ. ನಾವು ತಿಂಗಳಾ ತೀರಿಸ್ತಿದ್ರೂ 60,000 ಪೂರಾ ಐದು ವರ್ಷ ನಮ್ಮ ಕೈಯಾಗ ಇತ್ತು ಅಂತ ಹಿಡದ ಲೆಕ್ಕ ಅದು. ಖರೆ ದರ ಹನ್ನೊಂದರ ಹತ್ತಿರ ಬರ್ತದ. ಇಡೂ ಮುಂದ 20,100 ಯಾಕ ಬರಲಿಲ್ಲ ಅಂತ ಜಗಳಾ ಮಾಡೂ ನಾವು, ತಗೊಳ್ಳೂ ಮುಂದ 18,000 ಯಾಕ ಕೊಡಬೇಕು ಅಂತ ಕೇಳೂದಿಲ್ಲ. ಕೇಳಬೇಕಾದದ್ದು ಅಲ್ಲಿ.

ನೆಗೆಣ್ಣಿ ಸೋಮವಾರ ಸಾಲದ ಅರ್ಜಿ ಕೊಟ್ಟು ಬಂದಾಳ. ಪಾಸ್‌ಬುಕ್ ತಿರುಗಿ ಕಪಾಟಿನಾಗ ಕುಂತದ.